ಹುಣಸೆ ಬೀಜದ ಮೇಷ್ಟ್ರು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ, ಸೈಕಲ್ ಶಾಪಿನ ಮಹಡಿಯ ಮೇಲೆ, ಆ ಕಾಲದಲ್ಲಿ ಒಂದು ಟ್ಯುಟೋರಿಯಲ್ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಒಂದೋ ಎರಡೋ ಸಬ್ಜೆಕ್ಟು ಹೋದವರು ಬಂದು ಸೇರುವ ಜಾಗ. ಹೋಗುವ ಸಬ್ಜೆಕ್ಟು ಹತ್ತರಲ್ಲಿ ಎಂಟು ಜನಕ್ಕೆ ಇಂಗ್ಲಿಷೇ ಆಗಿರುತ್ತಿದ್ದರಿಂದ ಇಡೀ ಟ್ಯುಟೋರಿಯಲ್ಲು ನಿಂತಿದ್ದದ್ದು ಶಿವರುದ್ರಸ್ವಾಮಿ ಮೇಷ್ಟ್ರ ಮೇಲೆ. ಅವರಿಗೆ ಐವತ್ತಾರು ವರ್ಷ. ಸರ್ಕಾರಿ ನೌಕರಿ ಕೈಗೆ ಸಿಕ್ಕ ಹಾಗೆ ಮಾಡಿ ಎರಡು ಸಲ ತಪ್ಪಿಹೋಗಿತ್ತು. ಆ ಸಿಟ್ಟನ್ನೆಲ್ಲ ಅವರು ಇಂಗ್ಲಿಷ್ ಕಲಿಸುವುದಕ್ಕೆ ಹಾಕಿದ್ದರು. ಊರಿನವರು ಅವರನ್ನು ಹುಣಸೆ ಬೀಜದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಕರೆದದ್ದು ಕೇಳಿಸಿದರೆ ಮೇಷ್ಟ್ರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದರು.

ಬೀಜದ ಕತೆ ಹೀಗೆ. ನಮ್ಮ ಕಡೆಯ ಮಕ್ಕಳು ಇಂಗ್ಲಿಷಿನಲ್ಲಿ ಒಂದು ಪುಟ ಬರೆದರೆ ಅದರಲ್ಲಿ ವಾಕ್ಯ ಇರುವುದು ಒಂದೇ. ಬೆಳಿಗ್ಗೆ ಎದ್ದವನು ಸಾಯಂಕಾಲ ಮಲಗುವ ತನಕ ಎಲ್ಲೂ ನಿಲ್ಲುವುದಿಲ್ಲ; ನಡುವೆ ಸಿಕ್ಕಸಿಕ್ಕಲ್ಲೆಲ್ಲ ಒಂದೊಂದು ‘ಅಂಡ್’ ಹಾಕಿಕೊಂಡು ಓಡುತ್ತಲೇ ಇರುತ್ತಾನೆ. ಇದು ಮಕ್ಕಳ ಪೆದ್ದುತನ ಎಂದು ಬೇರೆ ಮೇಷ್ಟ್ರುಗಳು ಬೈದರೆ ಶಿವರುದ್ರಸ್ವಾಮಿ ಒಪ್ಪುತ್ತಿರಲಿಲ್ಲ. ಕನ್ನಡದಲ್ಲಿ ಎದ್ದು, ಮುಖ ತೊಳೆದು, ರೊಟ್ಟಿ ತಿಂದು, ಹೊಲಕ್ಕೆ ಹೋಗಿ, ಕಳೆ ಕಿತ್ತು ಬಂದೆ ಎಂದರೆ ಅದು ಸರಿಯಾದ ಒಂದೇ ವಾಕ್ಯ. ಕೊನೆಯ ‘ಬಂದೆ’ ಎಲ್ಲವನ್ನೂ ಹಿಡಿದುಕೊಂಡು ನಿಲ್ಲುತ್ತದೆ. ಮಕ್ಕಳು ಅದನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋಗುತ್ತಾರೆ, ಅಲ್ಲಿ ಹಿಡಿದುಕೊಳ್ಳುವವರು ಯಾರೂ ಇಲ್ಲ ಎನ್ನುವುದು ಮೇಷ್ಟ್ರ ವಾದ. ಒಮ್ಮೆ ಅವರ ಹೆಂಡತಿ ಚಿಕ್ಕಬಸಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಾಗ, ಪಕ್ಕದಲ್ಲೇ ಪೇಪರು ತಿದ್ದುತ್ತ ಕೂತಿದ್ದ ಮೇಷ್ಟ್ರು ಸುಮ್ಮನೆ ಒಂದು ಬೀಜ ತೆಗೆದು ಹಾಳೆಯ ಮೇಲೆ, ಮಾತು ಮುಗಿದ ಕಡೆ ಇಟ್ಟರು. ಇನ್ನೊಂದು ಇಟ್ಟರು. ಒಂದೇ ಸಮನೆ ಓಡುತ್ತಿದ್ದ ಪುಟ ಹನ್ನೊಂದು ತುಂಡಾಗಿ ಕಾಣಿಸಿತು.

ಅಂದಿನಿಂದ ಒಂದು ಹಾರ್ಲಿಕ್ಸ್ ಡಬ್ಬ ಟ್ಯುಟೋರಿಯಲ್ಲಿನ ಮೇಜಿನ ಮೇಲೆ ಕೂತಿತು. ಅದರ ತುಂಬ ಹುಣಸೆ ಬೀಜ. ಇಡೀ ಬೀಜ ಫುಲ್‌ಸ್ಟಾಪು, ಕಲ್ಲಿಗೆ ಉಜ್ಜಿ ಒಡೆದ ಅರ್ಧ ಬೀಜ ಕಾಮ, ಒಂದು ಹುರುಳಿಕಾಳು ಅಪಾಸ್ಟ್ರಫಿ. ಮಕ್ಕಳು ಮೊದಲು ಏನು ಬೇಕೋ ಅದನ್ನು ಪುಟ ತುಂಬ ಬರೆಯಬೇಕು. ಆಮೇಲೆ ಗಟ್ಟಿಯಾಗಿ ಓದುತ್ತ ಬೀಜ ಇಡಬೇಕು. ಕೊನೆಗೆ ಬೀಜ ಎತ್ತಿ ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಬೇಕು. “ಮೊದಲು ಬರಿ, ಆಮೇಲೆ ಬೀಜ” ಎಂದು ಮೇಷ್ಟ್ರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಸುತ್ತಮುತ್ತ ಯಾವ ಟ್ಯುಟೋರಿಯಲ್ಲಿನಲ್ಲೂ ಇಂಥದ್ದು ಇರಲಿಲ್ಲ. ಅಲ್ಲೆಲ್ಲ ಗೈಡು ಉರು ಹೊಡೆಸುತ್ತಿದ್ದರು. ಮೇಷ್ಟ್ರಿಗೆ ತಮ್ಮ ಡಬ್ಬದ ಬಗ್ಗೆ ಒಂದಿಷ್ಟು ಜಂಬವೇ ಇತ್ತು ಅನ್ನಿ. ಇದ್ದರೆ ತಪ್ಪೇನು, ಅವರಿಗೆ ಬೇರೆ ಏನೂ ಇರಲಿಲ್ಲವಲ್ಲ.

ತೊಂಬತ್ತೈದನೇ ಇಸವಿಯ ಜೂನ್ ತಿಂಗಳಲ್ಲಿ ಮೂಗಮ್ಮ ಬಂದಳು. ಅವಳಿಗೆ ಮೂವತ್ತೆರಡು ವರ್ಷ. ಬೇಗೂರಿನ ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ಸಹಾಯಕಿ. ಸಹಾಯಕಿ ಎಂದು ಕಾಗದದಲ್ಲಿ. ಊರಿನ ಬಾಯಲ್ಲಿ ಆಯಾ. ಒಂಬತ್ತು ವರ್ಷದಿಂದ ಅಂಗನವಾಡಿ ಗುಡಿಸಿ, ನೀರು ತಂದು, ಪೌಷ್ಟಿಕದ ಹಿಟ್ಟು ಬೇಯಿಸಿ, ಮಕ್ಕಳ ಮೂಗು ಒರೆಸುತ್ತಿದ್ದಳು. ಅಲ್ಲಿನ ಟೀಚರು ಗಂಡನಿಗೆ ವರ್ಗವಾಗಿ ಮೈಸೂರಿಗೆ ಹೊರಟಿದ್ದರು. ಹೋಗುವ ಮುಂಚೆ ಅವರೇ ಹೇಳಿದ್ದರು: “ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಕೊ ಮೂಗಮ್ಮ. ಡಿಸೆಂಬರ್‌ನಲ್ಲಿ ನನ್ನ ಜಾಗಕ್ಕೆ ಆಯ್ಕೆ ನಡೆಯುತ್ತೆ. ಊರಿನವಳು, ಒಂಬತ್ತು ವರ್ಷ ಕೆಲಸ ಮಾಡಿದವಳು. ಮಾರ್ಕ್ಸ್ ಕಾರ್ಡ್ ಒಂದಿದ್ರೆ ನಿನ್ನನ್ನ ಯಾರೂ ತಪ್ಪಿಸೋಕಾಗಲ್ಲ.” ಮೂಗಮ್ಮ ಹದಿನಾರನೇ ವಯಸ್ಸಿನಲ್ಲಿ ಪರೀಕ್ಷೆ ಕಟ್ಟಿದ್ದಳು. ಇಂಗ್ಲಿಷ್ ಒಂದು ಬಿಟ್ಟು ಎಲ್ಲ ಪಾಸಾಗಿತ್ತು. ಆ ಒಂದನ್ನು ಮತ್ತೆ ಕಟ್ಟುವ ಮುಂಚೆ ಮದುವೆಯಾಯಿತು. ಈಗ ಹದಿನಾರು ವರ್ಷದ ಮೇಲೆ, ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿ, ಬೀಗ ಹಾಕಿ, ಹೆದ್ದಾರಿಗೆ ಬಂದು, ಊಟಿ ಬಸ್ಸೋ ಕೇರಳದ ಬಸ್ಸೋ ಯಾವುದು ಸಿಕ್ಕಿತೋ ಅದನ್ನು ಹತ್ತಿಕೊಂಡು ಗುಂಡ್ಲುಪೇಟೆಗೆ ಬರುತ್ತಿದ್ದಳು.

ಮೊದಲ ದಿನ ಮೇಷ್ಟ್ರು ಎಲ್ಲರಿಗೂ ‘ನನ್ನ ಒಂದು ದಿನ’ ಎಂದು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ಮೂಗಮ್ಮ ಒಂದೂವರೆ ಪುಟ ಬರೆದಳು. ಹೊಸಬರ ಹಾಳೆ ಎತ್ತಿಕೊಂಡು ಒಂದೇ ಉಸಿರಿನಲ್ಲಿ ಓದಿ ನಗಿಸುವುದು ಮೇಷ್ಟ್ರ ಹಳೆಯ ಚಾಳಿ. ಮೂಗಮ್ಮನದನ್ನೂ ಹಾಗೇ ಓದಿದರು. “ಐ ಗೆಟ್ ಅಪ್ ಅಂಡ್ ಐ ಸ್ವೀಪ್ ಅಂಡ್ ಚಿಲ್ಡ್ರನ್ ಕಮ್ ಅಂಡ್ ಐ ಗಿವ್ ಫುಡ್ ಅಂಡ್ ಒನ್ ಬಾಯ್ ಕ್ರೈ ಅಂಡ್ ಐ ವಾಶ್ ಹಿಮ್ ಅಂಡ್…” ಅರ್ಧ ಪುಟಕ್ಕೆ ಉಸಿರು ಕಟ್ಟಿದಂತೆ ಮಾಡಿ, ಮೇಜು ಹಿಡಿದುಕೊಂಡು ಕೆಮ್ಮಿದರು. ಹದಿನೇಳು ಹದಿನೆಂಟರ ಹುಡುಗ ಹುಡುಗಿಯರೆಲ್ಲ ಹೋ ಎಂದು ನಕ್ಕರು. ಮೂಗಮ್ಮನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಆದರೆ ಕಿವಿ ಕೆಂಪಾದದ್ದು ಮೇಷ್ಟ್ರಿಗೆ ಕಾಣಿಸಿತು, ಸ್ವಲ್ಪ ನಾಚಿಕೆಯೂ ಆಯಿತು.

“ಬೇಜಾರು ಮಾಡ್ಕೊಬೇಡ ಕಣಮ್ಮ” ಎಂದರು ಕ್ಲಾಸು ಮುಗಿದ ಮೇಲೆ. “ನಿನಗೆ ಪದ ಗೊತ್ತಿದೆ. ನಿಲ್ಲೋದು ಗೊತ್ತಿಲ್ಲ, ಅಷ್ಟೇ.”

“ನಮ್ ಕೆಲ್ಸದಲ್ಲಿ ನಿಂತ್ಕಳಕೆ ಎಲ್ ಆಯ್ತದೆ ಸಾ? ಒಂದ್ ಮುಗಿಯಕ್ ಮುಂಚೆನೇ ಇನ್ನೊಂದ್ ಬಂದ್ಬುಡ್ತದೆ. ಅಂಗೇ ಬರ್ದ್ಬುಟ್ಟೆ.”

ಮೇಷ್ಟ್ರಿಗೆ ಆ ಮಾತು ಹಿಡಿಸಿತು. ಅಂದಿನಿಂದ ಅವಳ ಮೇಲೆ ಒಂದು ಕಣ್ಣು ಇಟ್ಟರು.

ಉಸಿರು ನಿಂತ ಕಡೆ ಫುಲ್‌ಸ್ಟಾಪು ಎಂದು ಅವಳು ಯಾರಿಂದಲೋ ಕೇಳಿಕೊಂಡಿದ್ದಳು. ಮೇಷ್ಟ್ರು ಅದನ್ನು ಮೊದಲು ಬಿಡಿಸಿದರು. ಉಸಿರನ್ನು ನೆಚ್ಚಿಕೊಳ್ಳಬೇಡ, ನೆಗಡಿಯಾದ ದಿನ ಎರಡು ಪದಕ್ಕೊಂದು ಚುಕ್ಕಿ ಬೀಳುತ್ತದೆ ಎಂದರು. ಯಾರು ಎನ್ನುವುದು ಬಂತಾ, ಏನು ಮಾಡಿದರು ಎನ್ನುವುದು ಬಂತಾ, ಎರಡೂ ಬಂದು ಮಾತು ತನ್ನಷ್ಟಕ್ಕೆ ತಾನು ನಿಲ್ಲುತ್ತದಾ, ಹಾಗಾದರೆ ಇಡೀ ಬೀಜ. ‘ವೆನ್ ದಿ ಚಿಲ್ಡ್ರನ್ ಕಮ್’ ಎಂದಷ್ಟೇ ಹೇಳಿದರೆ ಯಾರು ಬಂದರು ಎನ್ನುವುದೇನೋ ಗೊತ್ತಾಯಿತು, ಆದರೆ ಬಂದಾಗ ಏನಾಯಿತು ಎಂದು ಕೇಳುವವನು ಬಾಯಿ ತೆರೆದುಕೊಂಡು ಕಾಯುತ್ತಾನೆ. ಅಲ್ಲಿ ಅರ್ಧ ಬೀಜ ಇಟ್ಟು ಮುಂದಿನದು ಹೇಳು. ಅಕ್ಕಿ, ಬೇಳೆ, ಎಣ್ಣೆ ಎಂದು ಸಾಲಾಗಿ ಹೇಳುವಾಗಲೂ ಅರ್ಧ ಬೀಜ. ಎರಡು ಪೂರಾ ವಾಕ್ಯದ ನಡುವೆ ಬರೀ ಅರ್ಧ ಬೀಜ ಇಟ್ಟರೆ ಮಾತ್ರ ಅದು ತಡೆಯುವುದಿಲ್ಲ, ಅಲ್ಲಿಗೆ ಇಡೀ ಬೀಜವೇ ಬೇಕು, ಇಲ್ಲದಿದ್ದರೆ ಅರ್ಧದ ಜೊತೆಗೆ ಒಂದು ‘ಅಂಡ್’ ಅಥವಾ ‘ಬಟ್’ ಬೇಕು. ಮೂಗಮ್ಮ ಇದನ್ನೆಲ್ಲ ಹಿಂದಿನ ಬೆಂಚಿನಲ್ಲಿ ತುಟಿ ಅಲ್ಲಾಡಿಸುತ್ತ ಕೇಳುತ್ತಿದ್ದಳು.

ಅಪಾಸ್ಟ್ರಫಿ ದಿನ ಅವಳ ಮುಖ ನೋಡಬೇಕಿತ್ತು. “ನೀವು ಹೋಗು ಅನ್ನೋದನ್ನ ಓಗು ಅಂತೀರಿ. ಹಕಾರ ಎಲ್ಲಿಗೆ ಹೋಯ್ತು? ನುಂಗಿದ್ರಿ. ಮಾಡಿಬಿಟ್ಟೆ ಅನ್ನೋದನ್ನ ಮಾಡ್ಬುಟ್ಟೆ ಅಂತೀರಿ. ಇಂಗ್ಲಿಷಿನವರೂ ನುಂಗ್ತಾರೆ ಕಣ್ರೋ, ‘ಡಿಡ್ ನಾಟ್’ ಅನ್ನೋದು ‘ಡಿಡಂಟ್’ ಆಗುತ್ತೆ. ಆದರೆ ಅವರು ನುಂಗಿದ ಜಾಗಕ್ಕೆ ಒಂದು ಗುರುತು ಇಟ್ಟು ಹೋಗ್ತಾರೆ. ಅದೇ ಹುರುಳಿಕಾಳು” ಎಂದು ಮೇಷ್ಟ್ರು ಹೇಳಿದರು. ಯಾರದ್ದು ಎಂದು ಹೇಳುವಾಗಲೂ ಅದೇ ಕಾಳು: ಒಬ್ಬ ಹುಡುಗನ ಪುಸ್ತಕವಾದರೆ ಎಸ್ ಅಕ್ಷರಕ್ಕಿಂತ ಮೊದಲು, ಬಹಳ ಹುಡುಗರ ಪುಸ್ತಕವಾದರೆ ಎಸ್ ಆದ ಮೇಲೆ. ಮೂಗಮ್ಮ ಕೈಯೆತ್ತಿದಳು. ಮೂರು ವಾರದಲ್ಲಿ ಅವಳು ಕೈಯೆತ್ತಿದ್ದು ಅದೇ ಮೊದಲು.

“ನಮ್ ಅಂಗನ್‌ವಾಡಿ ಮಕ್ಕಳ ತಟ್ಟೆ ಅನ್ಬೇಕಾದ್ರೆ ಎಲ್ಲಿಕ್ಕೋದು ಸಾ? ಮಕ್ಕಳು ಬಾಳ ಜನ ಅವ್ರಲ್ಲ, ಎಸ್ ಆದ್ಮೇಲಾ?”

“ಒಳ್ಳೇ ಪ್ರಶ್ನೆ. ಚಿಲ್ಡ್ರನ್ ಅನ್ನೋದರಲ್ಲೇ ಬಹಳ ಜನ ಬಂದಾಯ್ತು, ಎಸ್ ಇಲ್ಲದೇನೇ. ಈಗ ಎಸ್ ಬರೋದು ಅವರದ್ದು ಅಂತ ಹೇಳೋಕೆ ಮಾತ್ರ. ಆದ್ದರಿಂದ ಕಾಳು ಎಸ್‌ಗಿಂತ ಮೊದಲು.”

ಆ ಎರಡು ಪದವನ್ನು ಅವಳು ಇಂಗ್ಲಿಷಿನಲ್ಲಿ ನೋಟ್ ಬುಕ್ಕಿನ ರಟ್ಟಿನ ಮೇಲೆಲ್ಲ ಬರೆದುಕೊಂಡಳು. ಮಕ್ಕಳ ತಟ್ಟೆ, ಮಕ್ಕಳ ತಟ್ಟೆ, ಮಕ್ಕಳ ತಟ್ಟೆ. ಪ್ರತಿಯೊಂದರಲ್ಲೂ ಗುರುತು ಸರಿಯಾದ ಜಾಗದಲ್ಲಿತ್ತು.

ಸೆಪ್ಟೆಂಬರ್ ಹೊತ್ತಿಗೆ ಅವಳಷ್ಟು ಸರಿಯಾಗಿ ಬೀಜ ಇಡುವವರು ಆ ಬ್ಯಾಚಿನಲ್ಲಿ ಇನ್ನೊಬ್ಬರಿರಲಿಲ್ಲ. ಟೆಸ್ಟು ಕೊಟ್ಟರೆ ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದಳು. ಮೊದಲು ಎಲ್ಲ ಪುಟ ಬರೆದು ಮುಗಿಸುವುದು, ಆಮೇಲೆ ಮೊದಲ ಪುಟಕ್ಕೆ ಬಂದು, ತುಟಿಯೊಳಗೆ ಓದಿಕೊಂಡು, ಒಂದೊಂದೇ ಬೀಜ. ಬೇರೆಯವರು ಕೆಳಗಿಳಿದು ಸೈಕಲ್ ಹತ್ತಿ ಹೋಗಿರುತ್ತಿದ್ದರು. ಮೇಷ್ಟ್ರು ಕಿಟಕಿಯ ಹತ್ತಿರ ನಿಂತು ಬೀಡಿ ಸೇದುತ್ತ ಅವಳು ಮುಗಿಸುವ ತನಕ ಕಾಯುತ್ತಿದ್ದರು. ಗಡಿಯಾರದ ಕಡೆ ಅವರು ನೋಡಲಿಲ್ಲ. ಅವಳೂ ನೋಡಲಿಲ್ಲ. ಇದೇ ನಿಷ್ಠೆ ಬೇಕಾದದ್ದು ಎಂದು ಮೇಷ್ಟ್ರು ಮನೆಯಲ್ಲಿ ಚಿಕ್ಕಬಸಮ್ಮನಿಗೂ ಹೇಳಿದರು. “ಈ ಸಲ ಯಾರು ಹೋದರೂ ಮೂಗಮ್ಮ ಪಾಸಾಗ್ತಾಳೆ ನೋಡು” ಎಂದು ಪಂಥ ಕಟ್ಟುವವರ ಹಾಗೆ ಹೇಳಿದರು.

ಅಕ್ಟೋಬರಿನ ಪರೀಕ್ಷೆಗೆ ಸೆಂಟರು ಬಿದ್ದದ್ದು ಚಾಮರಾಜನಗರದಲ್ಲಿ. ಹಿಂದಿನ ದಿನ ಮೂಗಮ್ಮ ಬಂದು ಮೇಷ್ಟ್ರ ಕಾಲಿಗೆ ಬಿದ್ದಳು. ಡಬ್ಬದಿಂದ ಏಳು ಬೀಜ ಕೇಳಿ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ದೇವರ ಪ್ರಸಾದದ ಹಾಗೆ ಇಟ್ಟುಕೊಳ್ಳುತ್ತಾಳೆ ಎಂದುಕೊಂಡು ಮೇಷ್ಟ್ರು ನಕ್ಕರು. ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಅವರು ಕೇಳಲಿಲ್ಲ. ಅದು ಹೊಳೆಯಲೂ ಇಲ್ಲ.

ಪರೀಕ್ಷೆಯ ದಿನ ಅವಳು ಗಂಡ ಪುಟ್ಟಮಾದುವಿನ ಜೊತೆ ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಹೊತ್ತಿಗೆ ಮುಂಚೆಯೇ ತಲುಪಿದಳು. ಮೂರು ದಿನ ಕಳೆದು ಟ್ಯುಟೋರಿಯಲ್ಲಿಗೆ ಬಂದಳು. ಮೇಷ್ಟ್ರು ಒಬ್ಬರೇ ಇದ್ದರು. ಹೇಗಾಯಿತಮ್ಮ ಎಂದರು.

“ಎಲ್ಲಾ ಬಂತು ಸಾ. ಪದ್ಯ, ಪಾಠ, ಕಾಗ್ದ, ಪ್ರಬಂಧ, ಒಂದೂ ಬುಡ್ನಿಲ್ಲ.” ಅವಳು ಸೆರಗಿನ ತುದಿಯನ್ನು ತಿರುಚುತ್ತಿದ್ದಳು. “ಬೀಜ ಮಾತ್ರ ಒಳೀಕೆ ಬುಡ್ನಿಲ್ಲ ಸಾ. ಏನಮ್ಮಾ ಇದು ಅಂತ ಅಲ್ಲಿದ್ದ ಮೇಡಮ್ಮು ಆಚೀಗ್ ಎಸ್ದ್ಬುಟ್ರು. ಓಗ್ಲಿ, ಮನಸ್ನಲ್ಲೇ ಇಕ್ಕನ ಅಂದ್ಕಂಡೆ.”

“ಇಟ್ಟೆಯಲ್ಲ?”

“ನೀವ್ ಏಳ್ಕೊಟ್ಟಂಗೇ ಮಾಡ್ದೆ ಸಾ. ಮೊದ್ಲು ಎಲ್ಲಾನೂ ಬರ್ದೆ. ಗುರ್ತು ಇಕ್ಕಿ ಅಂತ ಒಂದ್ ಪ್ರಶ್ನೆ ಇತ್ತಲ್ಲ, ಅದ್ನೂ ಕೊನೀಗೆ ಅಂತ ಅಂಗೇ ಬುಟ್ಟಿದ್ದೆ. ಆಮೇಕೆ ಮೊದಲ್ನೇ ಪುಟುಕ್ ಬಂದು ಇಕ್ಕಕೆ ಸುರು ಮಾಡ್ದೆ. ಎರಡ್ನೇ ಪುಟುದ್ ಅರ್ಧುಕ್ಕೆ ಗಂಟೆ ಒಡೀತು. ಮೇಡಮ್ಮು ಬಂದು ಪೇಪರ್ ಕಿತ್ಕಂಡ್ಬುಟ್ರು.”

ಮೇಷ್ಟ್ರು ಕುರ್ಚಿಯ ಮೇಲೆ ಕೂತರು. ಒಟ್ಟು ಎಷ್ಟು ಪುಟ ಬರೆದಿದ್ದೆ ಎಂದು ಕೇಳಿದರು. ಒಂಬತ್ತು ಎಂದಳು. ಒಂಬತ್ತರಲ್ಲಿ ಒಂದೂವರೆ ಪುಟಕ್ಕೆ ಗುರುತು ಬಿದ್ದಿತ್ತು. ಉಳಿದ ಏಳೂವರೆ ಪುಟ, ಕಾಗದ, ಪ್ರಬಂಧ, ಎಲ್ಲವೂ ಒಂದು ಚುಕ್ಕಿಯಿಲ್ಲದೆ, ಮೊದಲ ದಿನದ ಹಾಳೆಯ ಹಾಗೆಯೇ ಓಡಿಕೊಂಡು ಹೋಗಿತ್ತು. ಎಲ್ಲೋ ಕೂತ ಒಬ್ಬ ಪರೀಕ್ಷಕ ಅದನ್ನು ಓದುತ್ತ ಉಸಿರು ಕಟ್ಟಿ ಕೆಮ್ಮುವುದು ಮೇಷ್ಟ್ರ ಕಣ್ಣ ಮುಂದೆ ಬಂತು. ಅವರಿಗೆ ಆ ಕ್ಷಣ ಅತ್ತುಬಿಡಬೇಕು ಎನ್ನಿಸಿತು.

“ಪಾಸಾಯ್ತದೆ ಅಲ್ವಾ ಸಾ?”

“ಆಗುತ್ತೆ ಕಣಮ್ಮ, ನೋಡೋಣ” ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಹೇಳುವಾಗ ಕಿಟಕಿಯ ಕಡೆ ತಿರುಗಿಕೊಂಡರು.

ನವೆಂಬರ್ ಕೊನೆಗೆ ರಿಸಲ್ಟು ಬಂತು. ಬ್ಯಾಚಿನ ಮೂವತ್ತೊಂದು ಜನರಲ್ಲಿ ಇಪ್ಪತ್ತಾರು ಪಾಸು. ಟ್ಯುಟೋರಿಯಲ್ಲಿನ ಮಾಲೀಕರು ಮೇಷ್ಟ್ರಿಗೆ ಹಾರ ಹಾಕಿ ಪೇಡ ಹಂಚಿದರು. ಮೂಗಮ್ಮನಿಗೆ ಬಂದದ್ದು ಮೂವತ್ತೊಂದು ಮಾರ್ಕು. ಬೇಕಾದದ್ದು ಮೂವತ್ತೈದು.

ಮೇಷ್ಟ್ರು ಹಾರವನ್ನು ಮೊಳೆಗೆ ತಗುಲಿಸಿ, ಪಾಸಾದ ಹುಡುಗರಲ್ಲಿ ನಾಲ್ಕೈದು ಜನರನ್ನು ಹತ್ತಿರ ಕೂರಿಸಿಕೊಂಡು, ಪರೀಕ್ಷೆಯಲ್ಲಿ ಗುರುತು ಯಾವಾಗ ಹಾಕಿದಿರಿ ಎಂದು ವಿಚಾರಿಸಿದರು. ಬರೀತಾ ಬರೀತಾನೇ ಹಾಕ್ಕೊಂಡು ಹೋದ್ವಿ ಸಾರ್ ಎಂದರು ಎಲ್ಲರೂ. ಒಬ್ಬ ಹಲ್ಲು ಕಿರಿದು, “ನಾನಂತೂ ಬೀಜದ್ ಸವಾಸುಕ್ಕೆ ಜುಲೈಯಿಂದ್ಲೇ ಓಗ್ನಿಲ್ಲ ಸಾ. ಕುತ್ಕಂಡು ಜೋಡ್ಸೋಕೆ ಟೇಮೆಲ್ಲಿ?” ಎಂದ. ಮೇಷ್ಟ್ರು ಅವನನ್ನು ಬೈಯಲಿಲ್ಲ. ಬೀಜ ಇಟ್ಟು ಕಲಿಯುವುದು ಕಣ್ಣಿಗೆ ಅಭ್ಯಾಸವಾಗುವ ತನಕ ಮಾತ್ರ, ಆಮೇಲೆ ಮಾತು ಮುಗಿದ ಕಡೆ ಕೈ ತಾನಾಗಿ ಚುಕ್ಕಿ ಇಟ್ಟು ಮುಂದೆ ಹೋಗಬೇಕು ಎನ್ನುವುದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಎಲ್ಲರಿಗೂ ತಾನಾಗೇ ತಿಳಿಯುತ್ತದೆ ಎಂದುಕೊಂಡಿದ್ದರು. ಮೇಷ್ಟ್ರು ಹೇಳಿದ್ದನ್ನು ಅರ್ಧ ಕೇಳಿ ಅರ್ಧ ಬಿಟ್ಟವರೆಲ್ಲ ಪಾಸಾದರು. ಒಂದಕ್ಷರ ಮೀರದೆ ನಡೆದವಳು ಫೇಲಾದಳು.

ಅಂದು ಮನೆಗೆ ಹೋದವರು ಊಟ ಬೇಡ ಎಂದರು. ಚಿಕ್ಕಬಸಮ್ಮ ವಿಷಯ ಕೇಳಿಕೊಂಡು, “ಅವಳ ಮನೆಗೆ ಹೋಗಿ ಹೇಳಿ ಬನ್ನಿ. ಇಲ್ಲಿ ಕೂತು ಕೊರಗಿದ್ರೆ ಅವಳಿಗೇನು ಬಂತು?” ಎಂದರು. ಹೋಗಬೇಕು ಎಂದುಕೊಂಡರೂ ಮೇಷ್ಟ್ರಿಗೆ ಕಾಲು ಬರಲಿಲ್ಲ. ಒಂದು ವಾರ, ಎರಡು ವಾರ ಎಂದು ಮುಂದೂಡಿದರು. ಡಿಸೆಂಬರ್ ಕಳೆಯಿತು. ಸಂಕ್ರಾಂತಿಯೂ ಕಳೆದ ಮೇಲೆ, ಒಂದು ಬೆಳಿಗ್ಗೆ, ಮನಸ್ಸು ಬದಲಾಗುವ ಮುಂಚೆ ಬಸ್ಸು ಹತ್ತಿಬಿಟ್ಟರು.

ಅಂಗನವಾಡಿ ಊರಿನ ತುದಿಯಲ್ಲಿ ಒಂದು ಹೆಂಚಿನ ಕೋಣೆ. ಬಾಗಿಲಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಹೊಸ ಟೀಚರು ಕುರ್ಚಿ ಹಾಕಿಕೊಂಡು ರಿಜಿಸ್ಟರು ಬರೆಯುತ್ತಿದ್ದಳು. ಮದುವೆಯಾಗಿ ಆ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲವಂತೆ. ಒಳ್ಳೆಯ ಹುಡುಗಿಯೇ, ಮೇಷ್ಟ್ರನ್ನು ಕಂಡು ಎದ್ದು ನಿಂತಳು. ಹಿಂದುಗಡೆ ತೊಟ್ಟಿಯ ಹತ್ತಿರ ಮೂಗಮ್ಮ ತಟ್ಟೆಗಳನ್ನು ತೊಳೆಯುತ್ತಿದ್ದಳು. ಮೇಷ್ಟ್ರನ್ನು ನೋಡಿ ಗಾಬರಿಯಿಂದ ಕೈ ಒರೆಸಿಕೊಂಡಳು.

“ಅಯ್ಯೋ, ನೀವ್ಯಾಕ್ ಇಲ್ಲೀಗಂಟ ಬರಕೋದ್ರಿ ಸಾ? ಬನ್ನಿ, ನೆಳ್ಳಲ್ ಕುತ್ಕಳಿ.”

ಬೇವಿನ ಮರದ ಕೆಳಗೆ ಕಲ್ಲು ಚಪ್ಪಡಿಯ ಮೇಲೆ ಮೇಷ್ಟ್ರು ಕೂತರು. “ತಪ್ಪು ನಂದು ಕಣಮ್ಮ. ಪರೀಕ್ಷೆಯಲ್ಲಿ ಬರೀತಾ ಬರೀತಾನೇ ಹಾಕಬೇಕು ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ” ಎಂದರು.

ಮೂಗಮ್ಮನಿಗೆ ಇದು ಹೊಸ ವಿಷಯ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ಇಷ್ಟು ದಿನ ತನ್ನ ಕೈ ನಿಧಾನ, ತನ್ನ ತಲೆ ಮಂದ ಎಂದೇ ಅಂದುಕೊಂಡಿದ್ದಳು.

“ಬೇರೇರೆಲ್ಲಾ ಅಂಗೇ ಬರ್ದ್ರಾ ಸಾ?” ಎಂದಳು.

“ಹೂಂ.”

“ಅಂಗೆ ಬರೀಬೋದು ಅಂತ ನಂಗೊತ್ತಿರ್ನಿಲ್ಲ.” ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

“ಏಪ್ರಿಲ್‌ಗೆ ಕಟ್ಟು. ನಾನೇ ಬಂದು ಹೇಳಿಕೊಡ್ತೀನಿ.”

“ಯಾಕ್ ಸಾ? ಇರೋದೊಂದ್ ಜಾಗ, ತುಂಬೋಯ್ತಲ್ಲ. ಈ ಮಗಿನ್ಗೆ ಇಪ್ಪತ್ತೇ ವರ್ಸ. ಅವ್ಳು ಬುಡೋ ವೊತ್ಗೆ ನಾನ್ ಮುದ್ಕಿ.” ನಗಲು ನೋಡಿದಳು, ಆಗಲಿಲ್ಲ. ಕಣ್ಣು ತುಂಬಿಕೊಂಡಿತು. ತಟ್ಟನೆ ಎದ್ದು ಒಳಗೆ ಹೋಗಿ, ಹಿಟ್ಟಿನ ಚೀಲದ ಸಂದಿಯಿಂದ ಒಂದು ನೋಟ್ ಬುಕ್ಕು ತಂದಳು. ರಟ್ಟಿನ ಮೇಲೆ ಮಕ್ಕಳ ತಟ್ಟೆ, ಮಕ್ಕಳ ತಟ್ಟೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ ಅದೇ ಬುಕ್ಕು.

“ಪರೀಕ್ಸೆ ದಿನ ಸಾಯಂಕಾಲ ಮನೀಗ್ ಬಂದು ಅಲ್ ಬರ್ದಿದ್ನೆಲ್ಲಾ ಇಲ್ಲೂ ಬರ್ದೆ ಸಾ. ಮರ್ತೋಗಕ್ ಮುಂಚೆ. ಗುರ್ತೆಲ್ಲಾ ಇಕ್ಕಿವ್ನಿ. ಒಂದ್ಸಲ ನೋಡ್ಕೊಟ್ಬುಡಿ. ನಂಗ್ ಅಂತ ಸುಳ್ಳು ಮಾರ್ಕ್ಸ್ ಆಕ್ಬ್ಯಾಡಿ.”

ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ಕಾಗದ, ತಂದೆಗೆ ಬರೆದದ್ದು: ಡಿಯರ್ ಫಾದರ್ ಆದ ಮೇಲೆ ಕಾಮ, ಇದ್ದಲ್ಲೇ ಇತ್ತು. ವೆನ್ ಎಂದು ಶುರುವಾದ ಕಡೆಯೆಲ್ಲ ನಡುವೆ ಕಾಮ, ಕೊನೆಗೆ ಫುಲ್‌ಸ್ಟಾಪು. ಸಣ್ಣ ಸಣ್ಣ ವಾಕ್ಯಗಳು. ಒಂದು ಇನ್ನೊಂದರ ಕಾಲು ತುಳಿಯದೆ ಒಂದರ ಪಕ್ಕ ಒಂದು ನಿಂತಿದ್ದವು. ಪ್ರಬಂಧದಲ್ಲಿ ಒಂದು ಕಡೆ ಎರಡು ಪೂರಾ ವಾಕ್ಯದ ನಡುವೆ ಬರೀ ಕಾಮ ಬಿದ್ದಿತ್ತು. ಅಲ್ಲಿಗೆ ಸುತ್ತು ಹಾಕಿ ಅರ್ಧ ಮಾರ್ಕು ಕಳೆದರು. ಕ್ರಿಯಾಪದ ತಪ್ಪಿದ ಕಡೆಯೂ ಕಳೆದರು. ಗುರುತು ಹಾಕುವ ಪ್ರಶ್ನೆಗೆ ನಾಲ್ಕಕ್ಕೆ ನಾಲ್ಕು. ಸುಳ್ಳು ಹಾಕಬೇಡ ಎಂದವಳಿಗೆ ಸುಳ್ಳು ಹಾಕುವುದು ಅವರಿಂದ ಆಗುತ್ತಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಎಲ್ಲ ಕೂಡಿ ಕೊನೆಗೆ ನಲವತ್ತಾರೂವರೆ ಎಂದು ಬರೆದರು.

ಮೂಗಮ್ಮ ಅದನ್ನು ಇಣುಕಿ ನೋಡಿದಳು. “ಅಂಗಾರೆ ಪಾಸಾಗ್ಬುಡ್ತಿದ್ದೆ” ಎಂದಳು.

“ಪಾಸಾಗ್ತಿದ್ದೆ ಕಣಮ್ಮ.”

“ಅಷ್ಟ್ ಸಾಕು ಬುಡಿ. ದಡ್ಡಿ ಅಲ್ಲ ಅಂತ ಗೊತ್ತಾಯ್ತಲ್ಲ.” ಆ ಹಾಳೆಗಳನ್ನು ನಿಧಾನವಾಗಿ ಹರಿದು, ಮಡಿಸಿ, ಮೇಷ್ಟ್ರ ಕೈಯಲ್ಲೇ ಇಟ್ಟಳು. “ನಿಮ್ತಾವೇ ಇರ್ಲಿ ಸಾ. ಇಲ್ಲಿದ್ರೆ ತಗ್ದು ತಗ್ದು ನೋಡ್ತಾ ಕುತ್ಕಂಬುಡ್ತೀನಿ.”

ಒಳಗಿನಿಂದ ಹೊಸ ಟೀಚರು ಕೂಗಿದಳು. “ಮೂಗಮ್ಮಾ, ಪಾಪು ಒಂದಕ್ಕೆ ಮಾಡ್ಕೊಂಡುಬಿಟ್ಟಿದೆ, ಸ್ವಲ್ಪ ಬನ್ನಿ.”

“ಬಂದೆ ಟೀಚರ್” ಎಂದು ಮೂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಮೇಷ್ಟ್ರು ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದರು. ಒಳಗೆ ಅವಳು ಮಗುವನ್ನು ರಮಿಸುವುದು ಕೇಳಿಸುತ್ತಿತ್ತು. ಆಮೇಲೆ ಎದ್ದು, ಯಾರಿಗೂ ಹೇಳದೆ ಹೆದ್ದಾರಿಯ ಕಡೆ ನಡೆದರು.

ಶಿವರುದ್ರಸ್ವಾಮಿ ಮೇಷ್ಟ್ರು ಇನ್ನೂ ನಾಲ್ಕು ವರ್ಷ ಆ ಮಹಡಿಯ ಮೇಲೆ ಪಾಠ ಹೇಳಿದರು. ಬೀಜದ ಡಬ್ಬವನ್ನು ಪೂರ್ತಿ ಬಿಡಲಿಲ್ಲ, ಮೊದಲ ಹದಿನೈದು ದಿನಕ್ಕೆ ಮಾತ್ರ ಇಟ್ಟರು. ಆಮೇಲೆ ಅದನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿ, ಮೇಜಿನ ಮೇಲೆ ಒಂದು ಗಡಿಯಾರ ತಂದಿಡುತ್ತಿದ್ದರು. ಒಂದು ವಾಕ್ಯ ಬರೆ, ಮುಗಿಯಿತಾ, ಚುಕ್ಕಿ ಇಡು, ಆಮೇಲೆ ಮುಂದಿನದು. ಆಮೇಲೆ ಇಡ್ತೀನಿ ಅನ್ನಬಾರದು ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಹೊಸಬರ ಹಾಳೆಯನ್ನು ಒಂದೇ ಉಸಿರಿನಲ್ಲಿ ಓದಿ ನಗಿಸುವುದನ್ನು ನಿಲ್ಲಿಸಿದರು. ಊರಿನವರು ಹುಣಸೆ ಬೀಜದ ಮೇಷ್ಟ್ರು ಎಂದು ಕರೆದರೆ ಈಗ ಕೇಳಿಸದವರ ಹಾಗೆ ಹೋಗುತ್ತಿದ್ದರು.

ಪರೀಕ್ಷೆಗೆ ಒಂದು ವಾರ ಇರುವಾಗ, ಪ್ರತಿ ಬ್ಯಾಚಿಗೂ, ಮಡಿಕೆಯಲ್ಲಿ ಹರಿಯುವಂತಾಗಿದ್ದ ಆ ಹಾಳೆಗಳನ್ನು ತೆಗೆದು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರು. ಹೀಗೆ ಬರೆಯಿರಿ ಎನ್ನುತ್ತಿದ್ದರು. ಒಂದು ಸಲ ಒಬ್ಬ ಹುಡುಗಿ ಓದಿ ಮುಗಿಸಿ, ಕೊನೆಯ ಪುಟದ ನಲವತ್ತಾರೂವರೆಯನ್ನು ನೋಡಿ, “ಇದನ್ ಬರ್ದೋರು ಈಗೇನ್ ಮಾಡ್ತವ್ರೆ ಸಾ? ಟೀಚರ್ರಾ?” ಎಂದು ಕೇಳಿದಳು.

ಮೇಷ್ಟ್ರು ಹಾಳೆಗಳನ್ನು ಅವಳ ಕೈಯಿಂದ ತೆಗೆದುಕೊಂಡು ಮೊದಲಿನ ಮಡಿಕೆಗೇ ಮಡಿಸಿದರು.

“ಇಲ್ಲ ಕಣಮ್ಮಿ” ಎಂದರು. “ಅವಳು ಫೇಲಾದಳು. ಅವಳ ತಪ್ಪಲ್ಲ. ನನ್ನದು.”